ಸಂಗೀತ ಪಾಠದ ಜಾಲತಾಣ: ವಿಡಿಯೋಗಳಿಗೆ ನೆಲೆ ಎಲ್ಲಿ?

ಧಾರವಾಡದಲ್ಲಿ ನಮಗೆ ಆತ್ಮೀಯರಾದ ಗವಾಯಿಗಳೊಬ್ಬರಿದ್ದಾರೆ. ಹಿಂದುಸ್ತಾನಿ ಗಾಯನವನ್ನು ಮನೆಯಲ್ಲಿಯೇ ಕಲಿಸಿ, ಅದರಿಂದ ಬರುವ ಶುಲ್ಕದಲ್ಲಿ ಸಂಸಾರ ಸಾಗಿಸುವವರು. ಉದ್ಯೋಗನಿಮಿತ್ತ ಬೆಂಗಳೂರು, ಪುಣೆ, ಅಮೆರಿಕಗಳಿಗೆ ಹೋದ ಶಿಷ್ಯರು ಪಾಠ ಮುಂದುವರಿಸಬೇಕೆಂದು ಕೇಳಿದಾಗ, ಭೂಪ ಮತ್ತು ಯಮನ್ ರಾಗಗಳ ಪ್ರಾರಂಭದ ಪಾಠಗಳನ್ನು 40 ವಿಡಿಯೋಗಳಾಗಿ ಮಾಡಿ, ಶುಲ್ಕ ಕೊಟ್ಟವರು ಮಾತ್ರ ನೋಡುವಂತಹ ಜಾಲತಾಣವೊಂದನ್ನು ರಚಿಸಲು ಅವರು ನಿಶ್ಚಯಿಸಿದರು. ಅವರ ತಮ್ಮನ ಮಗ ಗಣಕಯಂತ್ರ ಬಲ್ಲವನು. ಅವನೊಡನೆ ಕುಳಿತು ನಾವು ಕಂಡುಕೊಂಡುದನ್ನು ಓದುಗ ಬಂಧುಗಳ ಮುಂದಿಡುತ್ತೇವೆ.

ತಾಣದ ಪುಟಗಳನ್ನು ವರ್ಡ್‌ಪ್ರೆಸ್‌ನಲ್ಲಿ ಕಟ್ಟುವುದು ಕಷ್ಟವಾಗಲಿಲ್ಲ. ಕಷ್ಟವಾದುದು ವಿಡಿಯೋಗಳನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ. ಪುಟಗಳಿರುವ ಸರ್ವರಿನಲ್ಲಿಯೇ ಅವನ್ನೂ ಇಟ್ಟರೆ ಆಗದೆ? ಲೆಕ್ಕ ಹಾಕಿ ನೋಡೋಣ. 15 ನಿಮಿಷದ ಒಂದು ಪಾಠ, ಸೆಕೆಂಡಿಗೆ 2 ಮೆಗಾಬಿಟ್‌ನಂತೆ, 225 ಮೆಗಾಬೈಟ್ ಆಗುತ್ತದೆ. 40 ಪಾಠಗಳಿಗೆ 9 ಗಿಗಾಬೈಟ್. ಇಷ್ಟನ್ನು ಇಡಲು ಜಾಗ ಸಿಕ್ಕೀತು. ಆದರೆ ಸಂಗೀತದ ವಿದ್ಯಾರ್ಥಿ ಒಂದೇ ಆಲಾಪವನ್ನು ಮತ್ತೆ ಮತ್ತೆ ಕೇಳುವವನು. 60 ಶಿಷ್ಯರು ಪ್ರತಿ ಪಾಠವನ್ನು ಮೂರು ಸಲ ನೋಡಿದರೂ 1,620 ಗಿಗಾಬೈಟ್ ಹರಿದುಹೋಗಬೇಕು. ಅನೇಕ ತಾಣಗಳು ಹಂಚಿಕೊಳ್ಳುವ ಅಗ್ಗದ ಸರ್ವರು ಸಂಜೆಯ ಅಭ್ಯಾಸದ ಹೊತ್ತಿಗೆ ಈ ಭಾರಕ್ಕೆ ಕುಗ್ಗುತ್ತದೆ. ಚಿತ್ರ ನಿಂತು ನಿಂತು ಬರುವುದಲ್ಲದೆ, ಶುಲ್ಕ ಕಟ್ಟುವ ಪುಟವೂ ತೆರೆಯದಾಗುತ್ತದೆ.

ಯೂಟ್ಯೂಬಿಗೆ ಎಷ್ಟು ಭಾರವಾದರೂ ತೊಂದರೆಯಿಲ್ಲ, ಹಣವೂ ಬೇಕಿಲ್ಲ. ಆದರೆ ಅಲ್ಲಿಯ 'ಅನ್‌ಲಿಸ್ಟೆಡ್' ಎಂಬುದು ಬೀಗವಲ್ಲ. ವಿಡಿಯೋ ಹುಡುಕಾಟದಲ್ಲಿ ಕಾಣಿಸದು ಎಂಬುದಷ್ಟೇ ಅದರ ಅರ್ಥ. ಕೊಂಡಿ ಕೈಗೆ ಸಿಕ್ಕವರೆಲ್ಲರೂ ನೋಡಬಹುದು. ಒಬ್ಬ ಶಿಷ್ಯ ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಗವಾಯಿಗಳ ಶುಲ್ಕಕ್ಕೆ ಅಲ್ಲಿಯೇ ಮಂಗಳ. ರುಚಿ ನೋಡಲು ಕೊಡುವ ಒಂದೆರಡು ಉಚಿತ ಪಾಠಗಳಿಗೆ ಮಾತ್ರ ಅದು ತಕ್ಕ ಸ್ಥಳ.

ಆದುದರಿಂದ ಪುಟಗಳೂ ಸದಸ್ಯರ ಪಟ್ಟಿಯೂ ಒಂದು ಕಡೆ, ವಿಡಿಯೋಗಳು ಇನ್ನೊಂದು ಕಡೆ ಎಂದು ವಿಭಾಗಿಸಿದೆವು. ವಿಮಿಯೋ, ಬನ್ನಿ ಸ್ಟ್ರೀಮ್ ಮೊದಲಾದವು ವಿಡಿಯೋಗೆಂದೇ ಇರುವ ಸೇವೆಗಳು. ನಾವು ಹೇಳಿದ ತಾಣದಲ್ಲಿ ಮಾತ್ರ ವಿಡಿಯೋ ತೆರೆಯುವಂತೆ ಎರಡರಲ್ಲಿಯೂ ಕಟ್ಟುಮಾಡಬಹುದು. ಬನ್ನಿ ಸ್ಟ್ರೀಮ್‌ನಲ್ಲಿ ಇಟ್ಟ ಪ್ರಮಾಣಕ್ಕೂ ಹರಿದ ಪ್ರಮಾಣಕ್ಕೂ ತಕ್ಕಂತೆ ಹಣ. ಶಿಷ್ಯನಿಗೆ ಕೆಲವು ಗಂಟೆಗಳಲ್ಲಿ ಅವಧಿ ಮುಗಿಯುವ ಕೊಂಡಿಯನ್ನು ಕೊಡುವ ಏರ್ಪಾಡೂ ಅಲ್ಲಿದೆ. ಹುಡುಗ ಅದನ್ನೇ ಆರಿಸಿದನು. ಬೀಗ ಬಿದ್ದಿದೆಯೇ ಎಂದು ತಿಳಿಯಲು ಪಾಠದ ಕೊಂಡಿಯನ್ನು ನಕಲು ಮಾಡಿ, ಲಾಗಿನ್ ಆಗದ ಬೇರೊಂದು ಫೋನಿನಲ್ಲಿ ತೆರೆಯಬೇಕು. ಪಾಠ ನಡೆದರೆ ಬೀಗವಿಲ್ಲವೆಂದೇ ತಿಳಿಯಬೇಕು.

ಇಂತಹ ಸೇವೆಗಳು ಒಂದೇ ಪಾಠವನ್ನು ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ, ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕಳಿಸುತ್ತವೆ. ಜಾಲ ದುರ್ಬಲವಾದಾಗ ಪಾಠ ನಿಲ್ಲದೆ ಚಿತ್ರ ಮಸುಕಾಗುತ್ತದೆ. ಆದರೆ ಕೆಳಗಿನ ಗುಣಮಟ್ಟಕ್ಕೆ ಇಳಿದಾಗ ಧ್ವನಿಯೂ ಕುಂದಬಹುದು. ಗವಾಯಿಗಳ ಮುಖ ಮಸುಕಾದರೆ ಚಿಂತೆಯಿಲ್ಲ, ತಂಬೂರಿಯ ಝೇಂಕಾರ ಕಳೆದರೆ ಪಾಠವೇ ಕೆಟ್ಟಿತು. ಅತ್ಯಂತ ಕೆಳಗಿನ ಗುಣಮಟ್ಟವನ್ನು ಆರಿಸಿ, ಹೆಡ್‌ಫೋನ್ ಹಾಕಿ ಗವಾಯಿಗಳೇ ಕೇಳಿ ನೋಡಿದರು. ಅವರಿಗೆ ಸಮಾಧಾನವಾಗದ್ದರಿಂದ, ಪ್ರತಿ ಪಾಠದ ಕೆಳಗೆ 128 ಕಿಲೋಬಿಟ್‌ನ ಧ್ವನಿಮುದ್ರಣವನ್ನು ಬೇರೆಯಾಗಿ ಇಡಲಾಯಿತು. 15 ನಿಮಿಷಕ್ಕೆ ಅದು ಸುಮಾರು 14 ಮೆಗಾಬೈಟ್ ಮಾತ್ರ. ಹಳ್ಳಿಯಲ್ಲಿರುವ ಶಿಷ್ಯರಿಗೂ ಅದು ತಲುಪುತ್ತದೆ.

ಶುಲ್ಕದಲ್ಲಿಯೂ ಒಂದು ಸೂಕ್ಷ್ಮವಿದೆ. ಯುಪಿಐ ಮೂಲಕ ಹಣ ಕೊಟ್ಟ ಶಿಷ್ಯ, ತಾಣಕ್ಕೆ ಮರಳುವ ಮುನ್ನವೇ ಫೋನು ಮುಚ್ಚಿಬಿಡಬಹುದು. 'ಧನ್ಯವಾದ' ಪುಟ ತೆರೆದಾಗಲೇ ಪಾಠ ಬಿಡುಗಡೆಯಾಗುವಂತೆ ಮಾಡಿದ್ದರೆ, ಹಣ ಹೋಗಿಯೂ ಪಾಠ ಸಿಗದು. ರೇಜರ್‌ಪೇ ಸೇವೆಯು ಹಣ ಬಂದೊಡನೆ `payment.captured` ಎಂಬ ಸಂದೇಶವನ್ನು ನೇರವಾಗಿ ತಾಣದ ಸರ್ವರಿಗೆ ಕಳಿಸಬಲ್ಲದು. ಅದರ ಸಹಿಯನ್ನು ಪರೀಕ್ಷಿಸಿ, ಆ ಸಂದೇಶದ ಆಧಾರದ ಮೇಲೆಯೇ ಪಾಠ ತೆರೆಯಬೇಕು.

ಇಷ್ಟೆಲ್ಲ ಮಾಡಿದರೂ ಪರದೆಯನ್ನೇ ಚಿತ್ರೀಕರಿಸುವವನನ್ನು ಸಂಪೂರ್ಣವಾಗಿ ತಡೆಯಲಾಗದು. ಶಿಷ್ಯನ ಹೆಸರು ಚಿತ್ರದ ಮೇಲೆ ತೆಳುವಾಗಿ ಕಾಣುವಂತೆ ಮಾಡಿದರೆ ಹಂಚುವ ಕೈ ಹಿಂಜರಿದೀತು. ಇನ್ನು, ಸೇವೆಯವರಿಗೆ ಹಣ ಕಟ್ಟುವುದು ನಿಂತರೆ ವಿಡಿಯೋಗಳೂ ಅಳಿಯುತ್ತವೆ. ಮೂಲ ಚಿತ್ರಿಕೆಗಳನ್ನು ಎರಡು ಹಾರ್ಡ್‌ಡಿಸ್ಕುಗಳಲ್ಲಿ ತುಂಬಿ, ಒಂದನ್ನು ಬೇರೆ ಮನೆಯಲ್ಲಿಡಬೇಕು. ತಾಣದ ಹೆಸರು ತಾಣ ಕಟ್ಟಿದವನ ಹೆಸರಿನಲ್ಲಲ್ಲ, ಗವಾಯಿಗಳ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು.