ಅಪ್ಪನ ಕಬ್ಬು, ನನ್ನ ಎಕ್ಸೆಲ್ ಶೀಟು

ಕಳೆದ ವರ್ಷ ಯುಗಾದಿಗೆ ಮುಧೋಳದ ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪ ಹೊಸ ಬೋರ್‌ವೆಲ್ ಕೊರೆಸುವ ಮಾತು ತೆಗೆದರು. ಎರಡು ಎಕರೆ ಕಬ್ಬು ಬೇಸಿಗೆಯಲ್ಲಿ ಅರ್ಧ ಒಣಗುತ್ತಿತ್ತು. ರಾತ್ರಿ ಕರೆಂಟ್ ಬಂದಾಗ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೋದವರು ಒಮ್ಮೆ ಬಿದ್ದು ಮೊಣಕಾಲು ನೋಯಿಸಿಕೊಂಡಿದ್ದರು. ಬೋರ್‌ಗೆ ಎರಡು ಲಕ್ಷ, ನೀರು ಬಿದ್ದರೆ ಬಿತ್ತು. "ಡ್ರಿಪ್ ಹಾಕಿಸೋಣ, ಲೆಕ್ಕ ನಾನು ಮಾಡ್ತೀನಿ" ಅಂದೆ.

ಡೀಲರ್ ಕೊಟ್ಟ ಕೊಟೇಶನ್ 1,30,000 ರೂಪಾಯಿ. ಸಹಾಯಧನ ಶೇ. 90. ಹಾಗಾದರೆ ನಮ್ಮ ಪಾಲು ಬರೀ 13,000 ಅಂತ ಖುಷಿಪಟ್ಟೆ. ತಪ್ಪು ಅಲ್ಲೇ ಆಯಿತು. ಶೇ. 90 ಲೆಕ್ಕ ಹಾಕುವುದು ಕೊಟೇಶನ್ ಮೇಲಲ್ಲ, ಸಾಲಿನ ಅಂತರ ನೋಡಿ ಸರ್ಕಾರ ನಿಗದಿ ಮಾಡಿದ ಘಟಕ ವೆಚ್ಚದ ಮೇಲೆ. ನಮ್ಮ ಎರಡು ಎಕರೆಗೆ ಅದು 96,000 ಬಂತು. ಬೋರ್ ಹೊಲದ ಮೂಲೆಯಲ್ಲಿದ್ದಿದ್ದರಿಂದ ಪೈಪು ಜಾಸ್ತಿ ಬೇಕಿತ್ತು, ಆ ಹೆಚ್ಚುವರಿ ನಮ್ಮದೇ. ಸಹಾಯಧನ 86,400, ನಮ್ಮ ಜೇಬಿನಿಂದ 43,600.

ಮುಂದಿನ ಸಾಲಿನಲ್ಲಿ ನೀರಿನ ಉಳಿತಾಯ ಅಂತ ಬರೆದು, ಪಂಪ್ ಓಡುವ ಗಂಟೆಗೆ ಕರೆಂಟ್ ದರ ಗುಣಿಸಿದೆ. ಅಪ್ಪ ನಕ್ಕರು. "ಲೇ ತಮ್ಮಾ, ಹತ್ತ್ ಎಚ್‌ಪಿ ತನಕ ಕರೆಂಟ್ ಫ್ರೀ ಐತಿ. ಇಲ್ಲದ ಬಿಲ್ಲ ಹೆಂಗ ಉಳಸ್ತಿ?"

ಸರಿ, ಹಾಗಾದರೆ ಉಳಿದ ನೀರಿಗೆ ಬೆಲೆ ಎಷ್ಟು? ಅಳೆದು ನೋಡಿದೆವು. ಏಪ್ರಿಲ್‌ನಲ್ಲಿ 200 ಲೀಟರ್ ಡ್ರಮ್ ತುಂಬಲು 72 ಸೆಕೆಂಡ್ ಬೇಕಾಯಿತು. ಅಂದರೆ ಗಂಟೆಗೆ 10,000 ಲೀಟರ್. ಏಳು ತಾಸು ಕರೆಂಟ್ ಇದ್ದರೆ 70,000. ಕಡು ಬೇಸಿಗೆಯಲ್ಲಿ ಕಬ್ಬಿಗೆ ದಿನಕ್ಕೆ ಸುಮಾರು 7 ಮಿಲಿಮೀಟರ್ ನೀರು ಬೇಕು, ಎರಡು ಎಕರೆಗೆ ಸುಮಾರು 56,000 ಲೀಟರ್. ಕಾಲುವೆ ಮಾಡಿ ಹಾಯಿಸಿದರೆ ಹೆಚ್ಚುಕಡಿಮೆ ಅರ್ಧ ನೀರು ಬೇರಿಗೆ ತಲುಪುವುದಿಲ್ಲ, ಹಾಗಾಗಿ ಲಕ್ಷ ಲೀಟರ್ ದಾಟುತ್ತದೆ. ಡ್ರಿಪ್‌ನಲ್ಲಿ 62,000 ಸಾಕು. ಉಳಿಯುವುದು ದಿನಕ್ಕೆ 8,000 ಲೀಟರ್ ಮಾತ್ರ, ಅಷ್ಟರಲ್ಲಿ ಬೇರೆ ಹೊಲ ನೆನೆಯುವುದಿಲ್ಲ. ಅಂದರೆ ಉಳಿದ ನೀರೆಲ್ಲ ಅದೇ ಕಬ್ಬನ್ನು ಒಣಗದ ಹಾಗೆ ನೋಡಿಕೊಳ್ಳಲು ಹೋಗುತ್ತದೆ. ಅದರ ಬೆಲೆ ಇಳುವರಿಯಲ್ಲೇ ಬಂದುಬಿಡುತ್ತದೆ. ನೀರಿಗೊಂದು ಸಾಲು, ಇಳುವರಿಗೊಂದು ಸಾಲು ಹಾಕಿದರೆ ಒಂದೇ ರೂಪಾಯಿ ಎರಡು ಸಲ ಎಣಿಸಿದಂತೆ. ನೀರಿನ ಸಾಲನ್ನು ಅಳಿಸಿದೆ.

ಇಳುವರಿಗೆ ಡೀಲರ್ ಹೇಳಿದ 60 ಟನ್ ಬಿಟ್ಟು, ಅಪ್ಪನ ಟ್ರಂಕಿನಲ್ಲಿದ್ದ ಫ್ಯಾಕ್ಟರಿ ತೂಕದ ಚೀಟಿ ತೆಗೆದೆ. ಮೂರು ವರ್ಷದ ಸರಾಸರಿ ಎಕರೆಗೆ 35 ಟನ್. ಅದೇ ಕಪ್ಪು ಮಣ್ಣಿನ ಪಕ್ಕದ ಹೊಲದಲ್ಲಿ ಡ್ರಿಪ್ ಹಾಕಿದವರು 44 ತೆಗೆದಿದ್ದರು. ನಾನು 6 ಟನ್ ಹೆಚ್ಚಳ ಹಿಡಿದೆ. ಎರಡು ಎಕರೆಗೆ 12 ಟನ್. ಕಡಿಯುವ, ಸಾಗಿಸುವ ಖರ್ಚು ಕಳೆದು ಟನ್ನಿಗೆ ಕೈಗೆ ಬರುತ್ತಿದ್ದದ್ದು 2,800. ಒಟ್ಟು 33,600. ಕಳೆ ಕಡಿಮೆಯಾಗಿ ಆಳಿನ ಖರ್ಚಿನಲ್ಲಿ 4,000 ಉಳಿಯುತ್ತದೆ. ಆದರೆ ನೀರಿನಲ್ಲಿ ಕರಗುವ ಗೊಬ್ಬರಕ್ಕೆ 7,000 ಹೆಚ್ಚು, ಆ್ಯಸಿಡ್ ಮತ್ತು ರಿಪೇರಿಗೆ 6,000. ನಿವ್ವಳ ವರ್ಷಕ್ಕೆ 24,600.

43,600 ಭಾಗಿಸು 24,600 ಅಂದರೆ 1.8 ವರ್ಷ. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುವುದರಿಂದ ಎರಡು ಕಟಾವು. ಸಹಾಯಧನ ಇಲ್ಲದಿದ್ದರೆ 5.3 ವರ್ಷ. ಲ್ಯಾಟರಲ್ ಪೈಪ್ ಬಾಳುವುದೇ ಐದರಿಂದ ಏಳು ವರ್ಷ, ಅದೇ ಜಮೀನಿಗೆ ಏಳು ವರ್ಷದೊಳಗೆ ಮತ್ತೆ ಸಹಾಯಧನ ಸಿಗುವುದಿಲ್ಲ. ಇಳುವರಿ 3 ಟನ್ ಮಾತ್ರ ಏರಿದರೆ ಸಹಾಯಧನ ಬಂದರೂ 5.6 ವರ್ಷ. ಇಡೀ ಲೆಕ್ಕ ನಿಂತಿರುವುದು ಆ ಒಂದು ಅಂಕಿಯ ಮೇಲೆ.

ಹಾಕಿಸಿದೆವು. ಆರನೇ ತಿಂಗಳಿಗೆ ಸಾಲಿನ ಕೊನೆಯ ಕಬ್ಬು ಬಡವಾಗಿ ಕಾಣತೊಡಗಿತು. ನಮ್ಮ ಡ್ರಿಪ್ಪರ್ ಗಂಟೆಗೆ 4 ಲೀಟರಿನದು, ನಿಮಿಷಕ್ಕೆ 66 ಮಿಲಿಲೀಟರ್ ಕೊಡಬೇಕು. ಅಮ್ಮನ ಔಷಧಿ ಅಳೆಯುವ ಕಪ್ ಹಿಡಿದು ನೋಡಿದರೆ ಸಾಲಿನ ಆರಂಭದಲ್ಲಿ 65, ಕೊನೆಯಲ್ಲಿ 40. ಗಡಸು ನೀರಿನ ಸುಣ್ಣ ಕಟ್ಟಿಕೊಂಡಿತ್ತು. ಆ್ಯಸಿಡ್ ಬಿಟ್ಟು, ಪೈಪಿನ ತುದಿ ಬಿಚ್ಚಿ ತೊಳೆದ ಮೇಲೆ 58ಕ್ಕೆ ಏರಿತು. ಉಳಿತಾಯ ಅಂದುಕೊಂಡು ಆ 6,000 ಖರ್ಚು ಮಾಡದೇ ಇದ್ದದ್ದೇ ತಪ್ಪು.

ಈ ವರ್ಷದ ಚೀಟಿ: ಎಕರೆಗೆ 39.5 ಟನ್. ಹೆಚ್ಚಿದ್ದು 6 ಅಲ್ಲ, 4.5. ನಿವ್ವಳ 16,200, ಅಂದರೆ 2.7 ವರ್ಷ, ಮೂರು ಕಟಾವು. ಶೀಟ್ ತಿದ್ದಿ ಅಪ್ಪನಿಗೆ ಫೋನ್ ಮಾಡಿದೆ. "ಒಂದ ವರ್ಷ ತಡ ಆಗ್ತೈತಿ ಅಪ್ಪಾ."

"ಆಗ್ಲಿ ಬಿಡೋ. ರಾತ್ರಿ ಕರೆಂಟ್ ಬಂದ್ರ ವಾಲ್ ತಿರುವಿ ಬಂದು ಮಲಕೊಂತೀನಿ. ಅದನ್ನ ಯಾವ ಸಾಲಿನ್ಯಾಗ ಹಾಕಿ?"

ಆ ಸಾಲು ಇನ್ನೂ ಖಾಲಿ ಇದೆ.