ಬೆಣ್ಣೆಯ ಸದ್ದು ನಿಂತಾಗ

ಕಳೆದ ವರ್ಷ ತಂಗಿ ಬಾಣಂತನಕ್ಕೆ ಊರಿಗೆ ಬಂದಾಗ ತುಪ್ಪ ಕಾಯಿಸುವ ಕೆಲಸ ನಮ್ಮ ಪಾಲಿಗೆ ಬಂತು. ಅಮ್ಮನಿಗೆ ಮಗು, ಬಾಣಂತಿ ನೋಡಿಕೊಳ್ಳುವುದರಲ್ಲೇ ಹೊತ್ತು ಸಾಲುತ್ತಿರಲಿಲ್ಲ. ಎಂಟು ದಿನ ಕೂಡಿಟ್ಟ ಕೆನೆಗೆ ಹೆಪ್ಪು ಹಾಕಿ ಕಡೆದಾಗ ಒಂದು ಕೆಜಿಯಷ್ಟು ಬೆಣ್ಣೆ ಬಂತು. ಒಲೆ ಮೇಲಿಟ್ಟೆವು. ಕರಗಿತು, ಹಳದಿಯಾಯಿತು, ಘಮ ಅಂದಿತು, ಇಳಿಸಿಬಿಟ್ಟೆವು.

ವಾರ ಕಳೆದು ಡಬ್ಬಿ ತೆಗೆದರೆ ಹುಳಿ ವಾಸನೆ. ಸೌಟು ಹಾಕಿ ನೋಡಿದರೆ ತಳದಲ್ಲಿ ಮಜ್ಜಿಗೆಯಂಥ ಬಿಳಿ ನೀರು. ಬಾಣಂತಿಗೆಂದು ಮಾಡಿದ ತುಪ್ಪ ಅದು. ಅಮ್ಮ ಬೈಯಲಿಲ್ಲ. "ನೀನು ಕಣ್ಣಲ್ಲಿ ನೋಡಿದೀಯ ಕಣಪ್ಪ, ಕಿವಿಯಲ್ಲಿ ಕೇಳಿಲ್ಲ" ಅಂದರು ಅಷ್ಟೆ.

ಅವರ ಮಾತಿನ ಅರ್ಥ ಇಷ್ಟು. ಬೆಣ್ಣೆ ಅಂದರೆ ಬರೀ ಜಿಡ್ಡಲ್ಲ, ಅದರೊಳಗೆ ನೀರೂ ಇರುತ್ತದೆ, ಮಜ್ಜಿಗೆಯ ಅಂಶವೂ ಇರುತ್ತದೆ. ಒಲೆ ಮೇಲಿಟ್ಟಾಗ ಚಟಪಟ ಅನ್ನುವುದು ಆ ನೀರು. ಅದು ಪೂರ್ತಿ ಆವಿಯಾಗಿ ಹೋಗುವವರೆಗೆ ಸದ್ದು ಇದ್ದೇ ಇರುತ್ತದೆ. ನೀರು ಉಳಿದರೆ ತುಪ್ಪ ಕೆಡುತ್ತದೆ. ಬಣ್ಣ, ಘಮ ಎರಡೂ ಅದಕ್ಕೆ ಮುಂಚೆಯೇ ಬಂದು ನಮ್ಮನ್ನು ಮೋಸ ಮಾಡುತ್ತವೆ.

ಎರಡನೇ ಸಲ ಸದ್ದು ನಿಲ್ಲಲಿ ಎಂದು ಕಾದೆವು. ಅಷ್ಟರಲ್ಲಿ ಪೇಪರಿನವರ ಫೋನು. ಎಪಿಎಂಸಿಯ ಟೊಮೆಟೊ ರೇಟು ಹೇಳಿ ಒಳಗೆ ಬರುವಷ್ಟರಲ್ಲಿ ಗಸಿ ಕಪ್ಪಾಗಿತ್ತು. ನೀರು ಇರುವಷ್ಟು ಹೊತ್ತು ಕಾವು ಹೆಚ್ಚು ಏರುವುದಿಲ್ಲ, ನೀರು ಕುದಿಯುವ ಮಟ್ಟದಲ್ಲೇ ಸುಮಾರಾಗಿ ನಿಂತಿರುತ್ತದೆ. ನೀರು ಮುಗಿದ ಮೇಲೆ ತಡೆಯುವವರಿಲ್ಲ, ಕಾವು ಸರ್ರನೆ ಏರುತ್ತದೆ. ಅರ್ಧ ಗಂಟೆ ಸುಮ್ಮನಿದ್ದ ಬೆಣ್ಣೆ ಎರಡು ನಿಮಿಷದಲ್ಲಿ ಸೀದುಹೋಗುವುದು ಹೀಗೆ. ಸೀದ ತುಪ್ಪವನ್ನು ಎಷ್ಟು ಸೋಸಿದರೂ ಕಹಿ ಹೋಗುವುದಿಲ್ಲ.

ಮೂರನೇ ಸಲ ಫೋನನ್ನು ತಂಗಿಯ ಕೈಗೆ ಕೊಟ್ಟು ಒಲೆ ಮುಂದೆ ನಿಂತೆವು. ಬೆಣ್ಣೆಯನ್ನು ತಣ್ಣೀರಿನಲ್ಲಿ ನಾಲ್ಕು ಸಲ ತೊಳೆದಿದ್ದೆವು, ಕೊನೆಯ ನೀರು ತಿಳಿಯಾಗುವವರೆಗೆ. ಮಜ್ಜಿಗೆ ಉಳಿದಷ್ಟೂ ಗಸಿ ಹೆಚ್ಚು, ತಳ ಹಿಡಿಯುವುದೂ ಬೇಗ. ದಪ್ಪ ತಳದ ಪಾತ್ರೆಯಲ್ಲಿ ಅರ್ಧದಷ್ಟು ಮಾತ್ರ ತುಂಬಿಸಿ, ಉಕ್ಕಿದರೆ ಜಾಗವಿರಲೆಂದು ಮೇಲೆ ಬಿಟ್ಟೆವು.

ಮೊದಲು ದೊಡ್ಡ ದೊಡ್ಡ ಗುಳ್ಳೆ, ಮೇಲೆ ಬಿಳಿ ನೊರೆ, ಜೋರು ಸದ್ದು. ಆಗ ಉರಿ ಮಧ್ಯಮ ಇದ್ದರೂ ತೊಂದರೆಯಿಲ್ಲ, ಆಗಾಗ ತಳ ಕೆದಕಿದರೆ ಸಾಕು. ಸ್ವಲ್ಪ ಹೊತ್ತಿಗೆ ನೊರೆ ಇಳಿದು ತುಪ್ಪ ತಿಳಿಯಾಯಿತು, ಸದ್ದು ಸಣ್ಣಗಾಯಿತು. ಅಲ್ಲಿಗೇ ಉರಿ ಪೂರ್ತಿ ತಗ್ಗಿಸಿದೆವು. ಇಲ್ಲಿಂದ ಮುಂದೆ ಬೇರೆ ಕೆಲಸ ಕೂಡದು. ಚಟಪಟ ಸದ್ದು ಬಿಡಿಬಿಡಿಯಾಗಿ, ಕೊನೆಗೆ ನಿಂತೇಹೋಯಿತು. ಆಮೇಲೆ ಸಣ್ಣ ಸಣ್ಣ ಗುಳ್ಳೆಯ ನೊರೆ ಎರಡನೇ ಸಲ ಮೇಲೆದ್ದಿತು. ಸೌಟಿನಿಂದ ಅದನ್ನು ಸರಿಸಿ ನೋಡಿದರೆ ತಳದ ಗಸಿ ಹುರಿದ ರವೆಯ ಬಣ್ಣಕ್ಕೆ ತಿರುಗಿತ್ತು. ಒಲೆ ಆರಿಸಿದೆವು. ಗಸಿ ಇನ್ನೂ ಕೆಂಪಾಗಲಿ ಎಂದು ಕಾಯಬಾರದು, ಪಾತ್ರೆಯ ಬಿಸಿಗೇ ಅದು ಇನ್ನಷ್ಟು ಕೆಂಪಾಗುತ್ತದೆ.

ಒಲೆ ಆರಿಸಿದ ಮೇಲೆ ಅಮ್ಮ ಒಂದು ವೀಳ್ಯದೆಲೆಯನ್ನು ಸೆರಗಿಗೆ ಒರೆಸಿ ಹಾಕಿದರು. ಒದ್ದೆ ಎಲೆ ಹಾಕಿದರೆ ಮೈಮೇಲೆ ಸಿಡಿಯುತ್ತದೆ. ಎಲೆ ಚರ್ರನೆ ಸದ್ದು ಮಾಡಿ ಗರಿಗರಿಯಾಯಿತು. ಅದು ಎಲೆಯೊಳಗಿನ ನೀರಿನ ಸದ್ದು. ತುಪ್ಪ ಮೌನವಾಗುವ ಮೊದಲೇ ಎಲೆ ಹಾಕಿದರೆ ಯಾವ ಸದ್ದು ಯಾವುದರದ್ದು ಎಂದು ತಿಳಿಯುವುದಿಲ್ಲ.

ಸ್ವಲ್ಪ ಆರಿದ ಮೇಲೆ ಒಣಗಿದ ಸ್ಟೀಲ್ ಡಬ್ಬಿಗೆ ಸೋಸಿದೆವು. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳದ ಬದಲು ತೆಳು ಬಟ್ಟೆ ಹಾಕಿದೆವು. ಬಿಸಿ ಇರುವಾಗಲೇ ಮುಚ್ಚಿದರೆ ಆವಿ ಮುಚ್ಚಳಕ್ಕೆ ಬಡಿದು ಹನಿಯಾಗಿ ವಾಪಸು ಬೀಳುತ್ತದೆ, ಅಷ್ಟು ಕಷ್ಟಪಟ್ಟು ಓಡಿಸಿದ ನೀರನ್ನು ನಾವೇ ಕರೆದಂತೆ. ಒಂದು ಕೆಜಿ ಬೆಣ್ಣೆಗೆ ಮುಕ್ಕಾಲು ಕೆಜಿಯ ಆಸುಪಾಸು ತುಪ್ಪ ಸಿಕ್ಕಿತು. ಗಸಿಗೆ ಬೆಲ್ಲ ಕಲಸಿ ಮನೆಯವರೆಲ್ಲ ತಿಂದೆವು.

ಮೊದಲ ಸಲದಂತೆ ತಳದಲ್ಲಿ ಬಿಳಿ ನೀರು ಕಂಡರೆ, ಅದು ಮಾರನೇ ದಿನವೇ ಕಂಡು ವಾಸನೆ ಇನ್ನೂ ಬಂದಿಲ್ಲವಾದರೆ, ಸಣ್ಣ ಉರಿಯಲ್ಲಿ ಮತ್ತೆ ಕಾಯಿಸಿ ಸದ್ದು ನಿಲ್ಲಿಸಬಹುದು. ಹುಳಿ ವಾಸನೆ ಬಂದ ಮೇಲೆ ಕಾಯಿಸಿ ಪ್ರಯೋಜನವಿಲ್ಲ. ನಮ್ಮ ಆ ತುಪ್ಪ ಕೊನೆಗೆ ಹಿತ್ತಲ ದೀಪಕ್ಕೆ ಹೋಯಿತು. ದೀಪಕ್ಕೆ ಹಚ್ಚಿದಾಗಲೂ ಅದು ಚಟಚಟ ಅನ್ನುತ್ತಲೇ ಇತ್ತು.