ಒಂದು ಚಮಚ ತುಪ್ಪ

ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿ ಮೂರು ತಿಂಗಳಾಗಿತ್ತು. ಎಣ್ಣೆ ಎಷ್ಟು ಬಳಸ್ತೀರಿ ಅಂತ ಡಾಕ್ಟರು ಕೇಳಿದಾಗ ಅಮ್ಮ ಖಡಾಖಂಡಿತವಾಗಿ, "ನಮ್ಮನೇಲಿ ಕರಿದದ್ದು ಮಾಡೋದೇ ಇಲ್ಲ" ಅಂದಳು. ಅದು ನಿಜ. ಬೋಂಡ, ಪೂರಿ ಎರಡೂ ನಿಂತುಹೋಗಿದ್ದವು. ಆದರೂ ಎಣ್ಣೆ ಪ್ಯಾಕೆಟ್ಟು ಮೊದಲಿನಷ್ಟೇ ಬೇಗ ಖಾಲಿಯಾಗುತ್ತಿತ್ತು.

ಒಂದು ಭಾನುವಾರ ನಾನು ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ 5 ಮಿಲಿಯ ಗೆರೆ ಇರುತ್ತದಲ್ಲ, ಅದೇ ನನ್ನ ಅಳತೆ. ಒಂದು ಟೀ ಚಮಚಕ್ಕೆ ಅದು ಸಮ.

ಬೆಳಿಗ್ಗೆ ಅಪ್ಪನಿಗೆ ಮೂರು ದೋಸೆ, ದೋಸೆಗೊಂದು ಚಮಚ ಎಣ್ಣೆ: 15 ಮಿಲಿ. ಚಟ್ನಿ, ಸಾರು, ಪಲ್ಯ ಮೂರಕ್ಕೂ ಎರಡೆರಡು ಚಮಚದ ಒಗ್ಗರಣೆ. ಮೂವರಿಗೆ ಹಂಚಿದರೆ ಅಪ್ಪನ ಪಾಲು 10. ಸಂಜೆಯ ಅವಲಕ್ಕಿ ಒಗ್ಗರಣೆಯಿಂದ 5. ರಾತ್ರಿ ಎರಡು ಚಪಾತಿಗೆ 5, ಮೊಸರನ್ನದ ಒಗ್ಗರಣೆಯಿಂದ ಇನ್ನೊಂದು 5.

ಉಳಿದದ್ದು ಮಧ್ಯಾಹ್ನದ ಅನ್ನದ ಮೇಲಿನ ತುಪ್ಪ. "ಒಂದೇ ಚಮಚ ಕಣೇ" ಅಂದಳು ಅಮ್ಮ. ತುಪ್ಪದ ಡಬ್ಬಿಯ ಚಮಚಕ್ಕೆ ನೀರು ತುಂಬಿ ಮುಚ್ಚಳಕ್ಕೆ ಸುರಿದೆ. ಎರಡು ಸಲ ತುಂಬಿತು. ಅಲ್ಲಿಗೆ ಒಟ್ಟು 50 ಮಿಲಿ. ತೂಕದಲ್ಲಿ ಸುಮಾರು 45 ಗ್ರಾಂ ಕೊಬ್ಬು. ಗ್ರಾಮಿಗೆ 9 ಕ್ಯಾಲೊರಿಯಂತೆ ನಾನೂರು ದಾಟುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲೊರಿಯ ಊಟದ ತಟ್ಟೆಗೆ ಹೇಳುವುದು ಸುಮಾರು 27 ಗ್ರಾಂ ಎಣ್ಣೆ-ತುಪ್ಪ. ಚಟ್ನಿಯ ಕಾಯಿಯಲ್ಲೂ ಹಾಲಿನಲ್ಲೂ ಇರುವ ಕೊಬ್ಬು ನನ್ನ ಲೆಕ್ಕಕ್ಕೆ ಸೇರಿಯೇ ಇರಲಿಲ್ಲ.

ಅಮ್ಮ ಸುಮ್ಮನಾದಳು. ಆಮೇಲೆ, "ಹಾಗಾದ್ರೆ ನಾನೇ ಅವರಿಗೆ ಹಾಕ್ತಾ ಇದ್ನಾ?" ಅಂದಳು. ನನಗೆ ಮುಚ್ಚಳ ಎತ್ತಿಡಬೇಕೆನಿಸಿತು. ಎಣ್ಣೆಯೊಂದರಿಂದಲೇ ಅಪ್ಪನಿಗೆ ಹೀಗಾಯಿತು ಅಂತ ಹೇಳಲು ಬರುವುದಿಲ್ಲ, ಸಿಗರೇಟೂ ಇತ್ತು. ಅದನ್ನೇ ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ.

ಮರುದಿನ ಅವಳೇ ಅಟ್ಟದಿಂದ ಅಜ್ಜಿಯ ಕಬ್ಬಿಣದ ಒಗ್ಗರಣೆ ಸೌಟು ಇಳಿಸಿದಳು. ಅಗಲದ ಬಾಣಲೆಯಲ್ಲಿ ಎಣ್ಣೆ ಹರಡಿಹೋಗುತ್ತದೆ, ಸಾಸಿವೆ ಮುಳುಗಲೆಂದು ಇನ್ನಷ್ಟು ಹೊಯ್ಯುತ್ತೇವೆ. ಗುಂಡಿಯಂಥ ಸೌಟಿನಲ್ಲಿ ಒಂದೇ ಚಮಚ ತಳದಲ್ಲಿ ನಿಲ್ಲುತ್ತದೆ, ಸಾಸಿವೆ ಅಷ್ಟರಲ್ಲೇ ಸಿಡಿಯುತ್ತದೆ. ಮೂರು ಒಗ್ಗರಣೆಯೂ ಅರ್ಧಕ್ಕಿಳಿಯಿತು. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ಸವರಿದರೆ ಮೂರು ದೋಸೆಗೆ ಒಂದು ಚಮಚ ಸಾಕಾಯಿತು. ಚಪಾತಿಯನ್ನು ಎಣ್ಣೆಯಿಲ್ಲದೆ ಸುಟ್ಟಳು. ತುಪ್ಪಕ್ಕೆ ಅರ್ಧದಷ್ಟು ಹಿಡಿಯುವ ಚಮಚ ಬಂತು. 50 ಮಿಲಿ 25ಕ್ಕೆ ಬಂತು.

ಅಪ್ಪ ಅನ್ನ ಕಲಸುತ್ತಾ, "ತುಪ್ಪ ಹಾಕ್ಲಿಲ್ವಾ?" ಅಂದರು. ಅಮ್ಮ "ಹಾಕಿದೀನಿ, ವಾಸನೆ ನೋಡಿ" ಅಂದಳು. ಅವರು ಮೂಸಿ, ತಲೆಯಾಡಿಸಿ, ಉಂಡರು.